‘ದೊಡ್ಡ’ ಬದಲು ಬೇರೆ ಪದ ಬೇಕು: 1, 2ನೇ ತರಗತಿ ಮಕ್ಕಳು ತಾವೇ ಓದುವ ಚಿತ್ರಪುಸ್ತಕಕ್ಕೆ

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಒಂದು ಚಿತ್ರಪುಸ್ತಕ ಬರೆಯುತ್ತಿದ್ದೇನೆ. ನಾವು ಓದಿ ಹೇಳುವ ಪುಸ್ತಕ ಅಲ್ಲ, ಒಂದು ಮತ್ತು ಎರಡನೇ ತರಗತಿಯ ಮಕ್ಕಳು ತಾವೇ ಬೆರಳಿಟ್ಟು ಓದಬೇಕು. 16 ಪುಟ, ಪುಟಕ್ಕೆ ಒಂದೇ ಸಾಲು. ಕಥೆ ಇಷ್ಟೇ: ಪುಟ್ಟಿ ಅಜ್ಜನ ಮನೆಗೆ ಹೋಗುತ್ತಾಳೆ, ಹಲಸಿನ ಹಣ್ಣು ಇಳಿಸುತ್ತಾರೆ, ಮಳೆ ಬರುತ್ತದೆ, ಎಲ್ಲರೂ ಜಗಲಿಯಲ್ಲಿ ಕೂತು ತಿನ್ನುತ್ತಾರೆ.

ಸಂಪಾದಕರು ಕರಡು ವಾಪಸ್ ಕಳಿಸಿದ್ದಾರೆ. ‘ದೊಡ್ಡ’ ಜಾಸ್ತಿ ಆಯಿತು, ಬೇರೆ ಬೇರೆ ಪದ ಹಾಕಿದರೆ ಮಕ್ಕಳಿಗೆ ಶಬ್ದಗಳೂ ಗೊತ್ತಾಗುತ್ತವೆ ಎನ್ನುತ್ತಾರೆ. ಸಾಲುಗಳು ಹೀಗಿವೆ:

ಅಜ್ಜನ ಮನೆ ದೊಡ್ಡ ಮನೆ.
ಮನೆ ಮುಂದೆ ದೊಡ್ಡ ಅಂಗಳ.
ಅಂಗಳದ ಆಚೆ ದೊಡ್ಡ ಮರ.
ಮರದ ತುಂಬ ದೊಡ್ಡ ಹಣ್ಣು.
ಅಜ್ಜ ದೊಡ್ಡ ಏಣಿ ತಂದ.
ದೊಡ್ಡ ಸದ್ದು! ಹಣ್ಣು ಬಿತ್ತು.
ಅಷ್ಟರಲ್ಲಿ ದೊಡ್ಡ ಮಳೆ.
ಅಜ್ಜಿ ದೊಡ್ಡ ಬಾಳೆ ಎಲೆ ಹಾಸಿದಳು.
ಪುಟ್ಟಿಗೆ ದೊಡ್ಡ ತೊಳೆ.

ನಾನು ಪಟ್ಟಿ ಮಾಡಿಕೊಂಡ ಪದಗಳು: ಬೃಹತ್, ವಿಶಾಲ, ಭಾರೀ, ದೈತ್ಯ, ಅಗಾಧ, ಭವ್ಯ, ಹಿರಿದಾದ, ದಢೂತಿ. ಇದರಲ್ಲಿ ಆರು ಏಳು ವರ್ಷದ ಮಕ್ಕಳಿಗೆ ಯಾವುದು ಹಿಡಿಸುತ್ತದೆ? ಪಾಠ ಮಾಡುವವರು, ಮನೆಯಲ್ಲಿ ಆ ವಯಸ್ಸಿನ ಮಕ್ಕಳಿರುವವರು ದಯವಿಟ್ಟು ಹೇಳಿ.

ರಿಪ್ಪನ್‌ಪೇಟೆ ಹೈದ

ದೈತ್ಯ ಮರ, ದೈತ್ಯ ಹಣ್ಣು. ಮಕ್ಕಳಿಗೆ ದೈತ್ಯ ಅಂದರೆ ಬಹಳ ಖುಷಿ.

ಕಾನಂಚು

ಹೈದ, ಖುಷಿಯೇನೋ ಹೌದು. ಆದರೆ ಅವರಿಗೆ ದೈತ್ಯ ಅಂದರೆ ರಾಕ್ಷಸ. ಮರಕ್ಕೆ ಕೋರೆಹಲ್ಲು ಎಲ್ಲಿದೆ ಅಂತ ಚಿತ್ರದಲ್ಲಿ ಹುಡುಕುತ್ತವೆ. ನಮ್ಮ ತಂಗಿ ಮಗ ಪೇಪರಿನಲ್ಲಿ ‘ದೈತ್ಯ ಯಂತ್ರ’ ಅಂತ ಓದಿಸಿಕೊಂಡು ರಾತ್ರಿ ಒಬ್ಬನೇ ಮಲಗಲಿಲ್ಲ.

ಅಕ್ಷರಪ್ರೀತಿ

ಇದಕ್ಕೆ ಸುಲಭದ ನಿಯಮ ಒಂದಿದೆ. ಮೊದಲ ಓದಿನ ಪುಸ್ತಕದಲ್ಲಿ ಒತ್ತಕ್ಷರ ಬರಲೇಬಾರದು. ‘ದೊಡ್ಡ’ ಪದದಲ್ಲೇ ಒತ್ತು ಇದೆ, ಹಾಗಾಗಿ ಅದನ್ನು ತೆಗೆಯೋದು ಸರಿಯೇ. ಒತ್ತಿಲ್ಲದ ಪದ ಆರಿಸಿ: ಘನ, ಅಗಾಧ, ವಿಶಾಲ, ಹಿರಿದು. ನಿಮ್ಮ ಪಟ್ಟಿಯಲ್ಲೇ ಉತ್ತರ ಇದೆ.

ನಲಿಕಲಿ ಟೀಚರ್ (ಸಾಗರ)

ತುಂಗಾತೀರ ಅವರೇ, ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 1ರಿಂದ 3ನೇ ತರಗತಿಗೆ ನಲಿಕಲಿ ತೆಗೆದುಕೊಳ್ಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಮಗುವಿಗೆ ಆ ಪದ ಓದಲು ಬರುತ್ತದಾ ಅನ್ನೋದು ಒಂದು. ಓದಿದ ಮೇಲೆ ಅರ್ಥ ಆಗುತ್ತದಾ ಅನ್ನೋದು ಇನ್ನೊಂದು. ಎಷ್ಟೋ ಸಲ ಇವೆರಡೂ ಒಂದಕ್ಕೊಂದು ಎದುರು ದಿಕ್ಕಿಗೆ ಹೋಗುತ್ತವೆ.

‘ಘನ’ ನೋಡಿ. ಎರಡೇ ಅಕ್ಷರ, ಕಾಗುಣಿತ ಇಲ್ಲ, ಒತ್ತು ಇಲ್ಲ. ಘ ಕಲಿತ ಮಗು ಅದನ್ನು ಸರಾಗವಾಗಿ ಓದುತ್ತದೆ. ಓದಿ ಸುಮ್ನೆ ನಮ್ಮ ಮುಖ ನೋಡುತ್ತದೆ. ‘ದೊಡ್ಡ’ ಓದಲು ಸ್ವಲ್ಪ ತಿಣುಕುತ್ತದೆ, ಆದರೆ ಬಾಯಿಗೆ ಬಂದ ಕೂಡಲೇ ಕಣ್ಣು ಅರಳುತ್ತದೆ, ಯಾಕೆಂದರೆ ಎರಡು ವರ್ಷದ ವಯಸ್ಸಿನಿಂದ ಆಡುತ್ತಿರುವ ಮಾತು ಅದು. ‘ಬೃಹತ್’ ಎರಡೂ ಕಡೆ ಸೋಲುತ್ತದೆ. ವಟ್ರಸುಳಿ ಕಾಣದೆ ‘ಬಹತ’ ಎಂದು ಓದುವವರೇ ಜಾಸ್ತಿ, ಕೊನೆಯ ತ್ ಯಾರಿಗೂ ಸಿಗುವುದಿಲ್ಲ. ಕಷ್ಟಪಟ್ಟು ಸರಿಯಾಗಿ ಓದಿದವರಿಗೂ ಅದು ಏನು ಅಂತ ಗೊತ್ತಿಲ್ಲ.

ಇನ್ನು ಅರ್ಥ ಗೊತ್ತಿದೆಯಾ ಅಂತ ನಾನು ನೋಡುವ ಬಗೆ ಹೇಳುತ್ತೇನೆ. ಚಿತ್ರ ಮುಚ್ಚಿ ಪದ ಓದಿಸಿ, ‘ಕೈಯಲ್ಲಿ ತೋರಿಸು’ ಎನ್ನುತ್ತೇನೆ. ‘ಅಗಲ’ ಅಂದರೆ ಎರಡೂ ಕೈ ಪಕ್ಕಕ್ಕೆ ಚಾಚುತ್ತಾರೆ. ‘ಎತ್ತರ’ ಅಂದರೆ ಹಿಮ್ಮಡಿ ಎತ್ತಿ ಕೈ ಮೇಲಕ್ಕೆ ಒಯ್ಯುತ್ತಾರೆ. ‘ದಪ್ಪ’ ಅಂದರೆ ಮರ ತಬ್ಬಿದ ಹಾಗೆ ತೋಳು ಬಳಸುತ್ತಾರೆ. ‘ಉದ್ದ’ಕ್ಕೆ ಒಬ್ಬೊಬ್ಬರು ಒಂದೊಂದು ಥರ ಮಾಡಿದರೂ ಕೈ ಮಾತ್ರ ನಿಲ್ಲುವುದಿಲ್ಲ. ‘ವಿಶಾಲ’, ‘ಅಗಾಧ’, ‘ಭವ್ಯ’ ಅಂದಾಗ ಕೈ ಏಳುವುದೇ ಇಲ್ಲ. ಒಬ್ಬ ಹುಡುಗ ವಿಶಾಲ ಅಂದಾಗ ಪಕ್ಕದಲ್ಲಿ ಕೂತಿದ್ದ ವಿಶಾಲನನ್ನೇ ತೋರಿಸಿದ.

ಆದ್ದರಿಂದ ನನ್ನ ಸಲಹೆ: ‘ದೊಡ್ಡ’ಕ್ಕೆ ಸಮಾನ ಪದ ಹುಡುಕಬೇಡಿ. ಆ ವಸ್ತು ಯಾವ ಕಡೆಗೆ ದೊಡ್ಡದು ಅಂತ ಕೇಳಿಕೊಳ್ಳಿ. ಮರ ಮೇಲಕ್ಕೆ ದೊಡ್ಡದು. ಏಣಿ ಉದ್ದಕ್ಕೆ ದೊಡ್ಡದು. ಬಾಳೆ ಎಲೆ ಅಗಲಕ್ಕೆ ದೊಡ್ಡದು. ಪದ ತಾನಾಗಿ ಬರುತ್ತದೆ.

ಅಕ್ಷರಪ್ರೀತಿ

ಟೀಚರ್, ಅರ್ಥದ ಮಾತು ಒಪ್ಪಿದೆ. ಆದರೆ ನೀವು ಹೇಳಿದ ಎತ್ತರ, ದಪ್ಪ, ಉದ್ದ ಮೂರರಲ್ಲೂ ಒತ್ತಕ್ಷರ ಇದೆ. ಒಂದನೇ ತರಗತಿಯ ಮಗು ಅದನ್ನು ಓದೋದು ಯಾವಾಗ?

ನಲಿಕಲಿ ಟೀಚರ್

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಶಾಲೆಯಲ್ಲಿ ನಾವು ಅಆಇಈ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಇಷ್ಟರಲ್ಲೇ ಅರಸ, ಅಗಸ, ಸರ, ಗರಗಸ ಎಲ್ಲಾ ಓದಿಬಿಡುತ್ತಾರೆ. ಮುಂದೆ ಉಳಿದ ಅಕ್ಷರ, ಆಮೇಲೆ ಕಾಗುಣಿತ, ಅದರ ನಂತರ ಒತ್ತು. ಹಾಗಾಗಿ ಒಂದನೇ ತರಗತಿಯ ಮೊದಲರ್ಧಕ್ಕೆ ಪುಸ್ತಕ ಮಾಡುವುದಾದರೆ ನಿಮ್ಮ ನಿಯಮ ಸರಿ. ಆ ಹಂತಕ್ಕೆ ‘ಅಗಲ’ದಷ್ಟು ಹೊಂದುವ ಪದ ಬೇರೆ ಇಲ್ಲ. ಲ ಬಂದ ದಿನವೇ ಓದಬಹುದು, ಅರ್ಥವೂ ಗೊತ್ತು.

ಆದರೆ ಇವರ ಪುಸ್ತಕದ ಮೊದಲ ಪದವೇ ‘ಅಜ್ಜನ’. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಇವನ್ನೆಲ್ಲ ಮಕ್ಕಳು ಒತ್ತಿನ ಪಾಠಕ್ಕೂ ಮೊದಲೇ ಇಡೀ ಪದವಾಗಿ ಗುರುತು ಹಿಡಿಯುತ್ತಾರೆ. ಒತ್ತು ಅಂದಮೇಲೆ ಎಲ್ಲವೂ ಒಂದೇ ಕಷ್ಟ ಅಲ್ಲ. ನಾನು ಮೂರು ಮೆಟ್ಟಿಲು ಮಾಡಿಕೊಂಡಿದ್ದೇನೆ.

ಮೊದಲನೆಯದು ದೊಡ್ಡ, ಉದ್ದ, ದಪ್ಪ. ಅದೇ ಅಕ್ಷರಕ್ಕೆ ಅದೇ ಒತ್ತು, ಕೆಳಗಿನ ಆಕಾರವೂ ಮೇಲಿನದರ ಹಾಗೇ ಇದೆ, ತಲೆಕಟ್ಟು ಮಾತ್ರ ಇಲ್ಲ. ‘ಅಡ್ಡ’, ‘ಗುಡ್ಡ’ ಓದಿದ ಮಗುವಿಗೆ ‘ದೊಡ್ಡ’ ಬಂದೇ ಬರುತ್ತದೆ.

ಎರಡನೆಯದು ‘ಎತ್ತರ’. ಇಲ್ಲೂ ಅದೇ ಅಕ್ಷರದ ಒತ್ತು, ಆದರೆ ತ ಒತ್ತಿನ ಆಕಾರ ತ ಥರ ಕಾಣುವುದಿಲ್ಲ. ನ, ಮ, ಯ, ರ, ಲ ಒತ್ತುಗಳದ್ದೂ ಇದೇ ಕಥೆ. ಇಲ್ಲಿ ಮಗು ಒತ್ತನ್ನು ಬಿಟ್ಟು ‘ಎತರ’ ಎಂದು ಓದುತ್ತದೆ.

ಮೂರನೆಯದು ಒತ್ತಿನ ಜೊತೆ ಕಾಗುಣಿತವೂ ಸೇರಿದ್ದು, ‘ಹಣ್ಣು’ ‘ಹಕ್ಕಿ’ ಥರದ್ದು. ಗುಡಿಸು ಮೇಲಿನ ಕ ಗೆ ಅಂಟಿರುತ್ತದೆ, ಬಾಯಲ್ಲಿ ಮಾತ್ರ ಅದು ಒತ್ತಿನ ನಂತರ ಬರಬೇಕು. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿ ‘ಹಕಿಕ’ ಎನ್ನುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅವರು ದಡ್ಡರಲ್ಲ, ಬರೆದಿದ್ದನ್ನು ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುತ್ತಿದ್ದಾರೆ.

ಶರಾವತಿ ಹಿನ್ನೀರು

‘ಹಕಿಕ’! ನಮ್ಮ ಮಗಳು ‘ಬೆಕ್ಕು’ ಪದವನ್ನು ‘ಬೆಕುಕ’ ಎಂದು ಓದುತ್ತಾಳೆ. ಕಣ್ಣಿನ ದೋಷ ಇರಬಹುದು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದರಲ್ಲಿದ್ದೆವು. ಥ್ಯಾಂಕ್ಸ್ ಟೀಚರ್.

ಭಾಗ್ಯಕ್ಕ

ನಮ್ಮ ಕಡೆ ಹಿರಿಯರನ್ನು ದೊಡ್ಡಪ್ಪ, ದೊಡ್ಡಮ್ಮ, ದೊಡ್ಡಾಯಿ ಅಂತಲೇ ಕರೆಯುವುದು. ಇದನ್ನು ಬದಲಾಯಿಸಿ ಅಂಕಲ್ ಆಂಟಿ ಮಾಡುವುದು ಬೇಡ. ಮಕ್ಕಳಿಗೆ ಸಂಬಂಧ ತಿಳಿಯಬೇಕು. ಪುಸ್ತಕದಲ್ಲಿ ದೊಡ್ಡಪ್ಪ ಇರಲಿ.

ಕಾನಂಚು

ಭಾಗ್ಯಕ್ಕ, ಅವರು ಕೇಳಿದ್ದು ಗಾತ್ರದ ‘ದೊಡ್ಡ’. ಸಂಬಂಧದ ತಂಟೆಗೆ ಹೋಗಿಲ್ಲ.

ನಲಿಕಲಿ ಟೀಚರ್

ಆದರೂ ಭಾಗ್ಯಕ್ಕನ ಮಾತಿನಿಂದ ಒಂದು ವಿಷಯ ಸಿಕ್ಕಿತು. ಮಗುವಿನ ತಲೆಯಲ್ಲಿ ‘ದೊಡ್ಡ’ ಗಾತ್ರಕ್ಕೆ ಮಾತ್ರ ಅಲ್ಲ. ದೊಡ್ಡಪ್ಪ ಸಣಕಲು ಇರಬಹುದು. ನಮ್ಮಲ್ಲಿ ದೀಪಾವಳಿ ಅಂದರೆ ದೊಡ್ಡ ಹಬ್ಬ. ‘ನೀನೀಗ ದೊಡ್ಡವಳಾದೆ’ ಎಂದು ಆರು ವರ್ಷದವಳಿಗೆ ಹೇಳುತ್ತೇವೆ. ಹಾಗಾಗಿ ‘ಅಜ್ಜನ ಮನೆ ದೊಡ್ಡ ಮನೆ’ ಎಂಬ ಸಾಲು ಹಾಗೇ ಇರಲಿ. ಅಲ್ಲಿ ಉದ್ದ ಅಗಲ ಯಾವುದೂ ಸಾಲುವುದಿಲ್ಲ. ಜನ ಜಾಸ್ತಿ, ಹಳೆಯ ಮನೆ, ಊರಿಗೆ ಬೇಕಾದ ಮನೆ ಎಲ್ಲ ಆ ಒಂದೇ ಪದದಲ್ಲಿ ಇದೆ.

ಬಣ್ಣದ ಡಬ್ಬಿ

ನಾನು ಚಿತ್ರ ಬರೆಯುವವಳು, ಶಿವಮೊಗ್ಗ. ನನ್ನ ಕಡೆಯಿಂದ ಒಂದು ಮಾತು. ಏಣಿ ಎಷ್ಟು ಉದ್ದ ಅಂತ ಚಿತ್ರವೇ ಹೇಳುತ್ತಿದ್ದರೆ ‘ದೊಡ್ಡ’ ಪದವೇ ಬೇಡ ಅಲ್ವಾ? ಪುಟದ ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಏಣಿ ಹೋಗಲಿ, ತುದಿ ಪುಟದ ಆಚೆ ಕಾಣೆಯಾಗಲಿ. ‘ಅಜ್ಜ ಏಣಿ ತಂದ’ ಅಂದರೆ ಸಾಕು. ನನಗೆ ಬೇಕಾದ್ದು ಅಳತೆಗೆ ಪಕ್ಕದಲ್ಲಿ ಒಂದು ಗೊತ್ತಿರುವ ವಸ್ತು. ಬರೀ ಹಲಸಿನ ಹಣ್ಣು ಬಿಳಿ ಹಾಳೆ ಮೇಲೆ ಬರೆದರೆ ಅದು ನೆಲ್ಲಿಕಾಯಿಯೂ ಆಗಬಹುದು. ಪಕ್ಕದಲ್ಲಿ ಪುಟ್ಟಿ ನಿಂತರೆ ದೊಡ್ಡದು ಅಂತ ಗೊತ್ತಾಗುತ್ತದೆ.

ಹೆದ್ದೊರೆ

ಯಾರೂ ಕನ್ನಡದ ಆಸ್ತಿಯನ್ನೇ ಮುಟ್ಟಲಿಲ್ಲವಲ್ಲ! ‘ಹಿರಿ’ ಅನ್ನುವುದು ಮುಂದೆ ಬಂದು ಕೂತರೆ ಎಂಥ ಪದಗಳಾಗುತ್ತವೆ: ಹೆಮ್ಮರ, ಹೆಬ್ಬಾಗಿಲು, ಹೆಬ್ಬಂಡೆ, ಹೆದ್ದಾರಿ, ಹೆದ್ದೆರೆ. ಹೆಬ್ಬಾವು, ಹೆಜ್ಜೇನು, ಹೆಗ್ಗಣ, ಹೆಬ್ಬೆರಳು ಎಲ್ಲ ಮಕ್ಕಳಿಗೆ ಗೊತ್ತಿರುವಂಥವೇ. ‘ಅಂಗಳದ ಆಚೆ ಹೆಮ್ಮರ’. ಎಷ್ಟು ಚೆನ್ನಾಗಿದೆ. ಸಂಸ್ಕೃತದ ಬೃಹತ್ ಯಾಕೆ ಬೇಕು?

ನಲಿಕಲಿ ಟೀಚರ್

ಚೆನ್ನಾಗಿದೆ, ನನಗೂ ಇಷ್ಟ. ಆದರೆ ಮಗುವಿಗೆ ಹೆಬ್ಬಾವು ಗೊತ್ತು ಅಂದರೆ ಆ ಹಾವು ಗೊತ್ತು. ಅದರೊಳಗೆ ‘ದೊಡ್ಡ’ ಇದೆ ಅಂತ ಗೊತ್ತಿಲ್ಲ. ಹೆಬ್ಬೆರಳು ಎಲ್ಲಕ್ಕಿಂತ ಉದ್ದದ ಬೆರಳೂ ಅಲ್ಲ. ಹೆಮ್ಮರ ಎಂದರೆ ಅದು ಹಲಸು, ಮಾವು ಥರ ಒಂದು ಜಾತಿಯ ಮರ ಅಂದುಕೊಳ್ಳುತ್ತಾರೆ. ನಾಲ್ಕನೇ ತರಗತಿಗೆ ಒಳ್ಳೆಯ ಆಟ ಆಗುತ್ತದೆ, ಈ ಪುಸ್ತಕಕ್ಕೆ ಬೇಡ. ‘ಹೆಬ್ಬಾ’ದಲ್ಲಿ ಒತ್ತಿನ ಜೊತೆ ದೀರ್ಘವೂ ಇದೆ, ಅದು ಮೂರನೇ ಮೆಟ್ಟಿಲು.

ಹೆದ್ದೊರೆ

ಕಲಿಸದಿದ್ದರೆ ಯಾವತ್ತೂ ಕಲಿಯುವುದಿಲ್ಲ ಟೀಚರ್. ಪುಸ್ತಕದಲ್ಲಿ ಒಂದಾದರೂ ಹೊಸ ಪದ ಇರಬೇಕು. ಎಲ್ಲ ಗೊತ್ತಿರುವುದನ್ನೇ ಕೊಟ್ಟರೆ ಓದಿ ಬಂದಿದ್ದೇನು?

ನಲಿಕಲಿ ಟೀಚರ್

ಒಂದು ಇರಲಿ, ಒಪ್ಪುತ್ತೇನೆ. ಚಿತ್ರ ಕೈಹಿಡಿಯುವ ಕಡೆ ಇರಲಿ. ಒಂಬತ್ತು ಸಾಲಿಗೆ ಒಂಬತ್ತು ಹೊಸ ಪದ ಬೇಡ ಅನ್ನೋದಷ್ಟೇ ನನ್ನ ಮಾತು.

ಅಡಿಕೆ ಸಿಂಗಾರ (ಹೊಸನಗರ)

ಹೆಬ್ಬಲಸು ಮರೆತಿರಿ. ಕಾಡಿನಲ್ಲಿ ಕತ್ತೆತ್ತಿ ನೋಡಬೇಕು ಅಷ್ಟು ಎತ್ತರದ ಮರ. ಹಣ್ಣು ಮಾತ್ರ ಹಲಸಿಗಿಂತ ಎಷ್ಟೋ ಸಣ್ಣದು. ಹೆಸರಲ್ಲಿ ದೊಡ್ಡದು ಇದೆ, ಹಣ್ಣು ಸಣ್ಣದು. ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತೀರಿ?

ಇನ್ನೊಂದು ಮುಖ್ಯ ವಿಷಯ. ‘ದೊಡ್ಡ ಸದ್ದು! ಹಣ್ಣು ಬಿತ್ತು’ ಅಂತ ಬರೆದಿದ್ದೀರಿ. ಒಳ್ಳೆಯ ಬಕ್ಕೆ ಹಣ್ಣನ್ನು ಯಾರೂ ಮೇಲಿಂದ ಕೆಡವುವುದಿಲ್ಲ. ಬಿದ್ದರೆ ಒಡೆದು ಹಾಳು. ತೊಟ್ಟಿಗೆ ಹಗ್ಗ ಕಟ್ಟಿ, ಹಗ್ಗವನ್ನು ಮೇಲಿನ ಕೊಂಬೆಯ ಮೇಲೆ ಹಾಯಿಸಿ, ತೊಟ್ಟು ಕಡಿದು ನಿಧಾನಕ್ಕೆ ಇಳಿಸುತ್ತಾರೆ. ಕೆಳಗೆ ಒಬ್ಬರು ಹಗ್ಗ ಹಿಡಿದು ಬಿಡುತ್ತಾ ಬರಬೇಕು. ಮಲೆನಾಡಿನ ಪುಸ್ತಕ ಅಂದಮೇಲೆ ಇದು ಸರಿಯಾಗಿರಬೇಕು.

ತುಂಗಾತೀರ

ಅಡಿಕೆ ಸಿಂಗಾರ ಅವರೇ, ಈ ಕಥೆಯಲ್ಲಿ ಅಜ್ಜ ಏಣಿ ಇಡುವಷ್ಟರಲ್ಲಿ ಕಳಿತ ಹಣ್ಣೊಂದು ತಾನಾಗಿ ಬೀಳುತ್ತದೆ, ಅದೇ ತಮಾಷೆ. ಆದರೆ ಹಗ್ಗದ ವಿಷಯ ಬಹಳ ಚೆನ್ನಾಗಿದೆ. ‘ಉದ್ದ ಹಗ್ಗ’! ಏಣಿಗಿಂತ ಹಗ್ಗಕ್ಕೇ ‘ಉದ್ದ’ ಒಪ್ಪುತ್ತದೆ. ಪುಟ್ಟಿ ಕೆಳಗೆ ಹಗ್ಗ ಹಿಡಿದು ನಿಂತರೆ ಅವಳಿಗೂ ಕೆಲಸ ಸಿಗುತ್ತದೆ. ಆಗ ಬೀಳುವ ಪುಟವನ್ನೇ ತೆಗೆಯಬಹುದು, ಅದರ ಸದ್ದೂ ಹೋಗುತ್ತದೆ.

ರಿಪ್ಪನ್‌ಪೇಟೆ ಹೈದ

ಸದ್ದು ತೆಗೆಯಬೇಡಿ! ಮಕ್ಕಳಿಗೆ ಅದೇ ಬೇಕು. ‘ದೊಪ್ಪ!’

ನಲಿಕಲಿ ಟೀಚರ್

ಹೈದ ಹೇಳಿದ್ದು ಸರಿ. ಸದ್ದಿಗೆ ‘ದೊಡ್ಡ’ ಹೇಳುವ ಬದಲು ಸದ್ದನ್ನೇ ಬರೆಯಿರಿ. ‘ದೊಪ್ಪ’ ಓದಲು ‘ದೊಡ್ಡ’ದಷ್ಟೇ ಸುಲಭ. ಧ ಹಾಕಬೇಡಿ, ದ ಸಾಕು. ಈ ವಯಸ್ಸಿಗೆ ಮಹಾಪ್ರಾಣ ಇನ್ನೊಂದು ತೊಡಕು. ಇಲ್ಲಿ ಇನ್ನೊಂದನ್ನು ಗಮನಿಸಿ. ಸದ್ದು, ಮಳೆ ಎರಡಕ್ಕೂ ಗಾತ್ರವೇ ಇಲ್ಲ. ‘ಜೋರು ಮಳೆ’ ಎಂದೇ ನಾವು ಮಾತಾಡುವುದು. ಜೋರು ಪದದಲ್ಲಿ ಒತ್ತು ಇಲ್ಲ. ಸಂಪಾದಕರು ಹೇಳಿದ ಬದಲಾವಣೆಯಲ್ಲಿ ಎರಡು ಇಲ್ಲೇ ಮುಗಿಯಿತು.

ಅಕ್ಷರಪ್ರೀತಿ

ಭಾರೀ ಮಳೆ?

ಕಾನಂಚು

ಅದು ಟಿವಿ ಸುದ್ದಿಯ ಮಾತು. ‘ಆಗುಂಬೆಯಲ್ಲಿ ಭಾರೀ ಮಳೆ, ಶಾಲೆಗೆ ರಜೆ’. ಆದರೂ ನಮ್ಮ ಕಡೆ ಮಕ್ಕಳಿಗೆ ಜೂನ್ ಜುಲೈನಲ್ಲಿ ಇದನ್ನು ಕೇಳಿ ಕೇಳಿ ಅರ್ಥ ಗೊತ್ತಿರುತ್ತದೆ, ರಜೆ ಸಿಗುವುದು ಅದರಿಂದಲೇ ಅಲ್ವಾ. ಚಿತ್ರದುರ್ಗದ ಮಗುವಿಗೆ ಗೊತ್ತೋ ಇಲ್ಲವೋ.

ಅಡಿಕೆ ಸಿಂಗಾರ

ಈ ಸಲ ಬಕ್ಕೆ ಹಣ್ಣು ಹೇಗಿದೆ ನಿಮ್ಮ ಕಡೆ? ನಮ್ಮಲ್ಲಿ ಮಳೆ ಬೇಗ ಹಿಡಿದು ತೊಳೆಗೆಲ್ಲ ನೀರು ಸೇರಿ ಸಪ್ಪೆ ಆಗಿದೆ. ಹಪ್ಪಳಕ್ಕೆ ಕಾಯಿ ಇದ್ದಾಗಲೇ ಕೊಯ್ದಿದ್ದು ಒಳ್ಳೆಯದಾಯಿತು.

ಭಾಗ್ಯಕ್ಕ

ನಮ್ಮಲ್ಲೂ ಹಾಗೇ. ಹಪ್ಪಳ ಒಣಗಿಸಲು ಬಿಸಿಲೇ ಸಿಗಲಿಲ್ಲ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇವೆ.

ಮಂಡಗದ್ದೆ

ಹಲಸು ಬಿಟ್ಟು ವಿಷಯಕ್ಕೆ ಬರೋಣ. ಹೋದ ವಾರ ಅಕ್ಕನ ಮಕ್ಕಳನ್ನು ಸಕ್ರೆಬೈಲು ಆನೆ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ತುಂಗಾ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರಲ್ಲ, ಅದನ್ನು ನೋಡಲು. ಸಣ್ಣವಳು ಆನೆ ದೊಡ್ಡದು ಅಂತ ಒಂದು ಸಲವೂ ಹೇಳಲಿಲ್ಲ. ‘ಮಾಮ, ಕಿವಿ ನಮ್ಮನೆ ಮೊರದಷ್ಟಿದೆ’, ‘ಕಾಲು ಕಂಬ ಇದ್ದಹಾಗಿದೆ’, ‘ನಾನು ಅದರ ಹೊಟ್ಟೆ ಕೆಳಗೆ ನಿಂತರೂ ತಲೆ ತಾಗಲ್ಲ’ ಎನ್ನುತ್ತಿದ್ದಳು. ಮಕ್ಕಳು ದೊಡ್ಡದನ್ನು ಹೇಳುವುದೇ ಹೀಗೆ. ಮೊರದಗಲ, ಆಳೆತ್ತರ, ಮಾರುದ್ದ, ಗೇಣುದ್ದ ಇಂಥ ಅಳತೆಗಳನ್ನು ಯಾಕೆ ಬಳಸಬಾರದು?

ಶರಾವತಿ ಹಿನ್ನೀರು

ನಾವು ಈಗ ಬೆಂಗಳೂರಿನಲ್ಲಿದ್ದೇವೆ. ನನ್ನ ಮಗಳು ಮೊರ ನೋಡೇ ಇಲ್ಲ. ಮಾರು, ಗೇಣು ಕೂಡ ಗೊತ್ತಿಲ್ಲ. ಇಂಗ್ಲಿಷ್ ಮೀಡಿಯಂ ಬೇರೆ. ಹ್ಯೂಜ್, ಜೈಜಾಂಟಿಕ್ ಎಲ್ಲ ಪಟಪಟ ಹೇಳುತ್ತಾಳೆ, ಕನ್ನಡದಲ್ಲಿ ಎಲ್ಲಕ್ಕೂ ‘ದೊಡ್ಡ’ ಒಂದೇ. ಬಹುಶಃ ನಿಮ್ಮ ಸಂಪಾದಕರು ಆ ಇಂಗ್ಲಿಷ್ ಪುಸ್ತಕಗಳನ್ನು ನೋಡಿಯೇ ಕೇಳುತ್ತಿದ್ದಾರೆ. ಅಲ್ಲಿ ಹೀಗೆ ಒಂದರ ಮೇಲೊಂದು ಪದ ಏರಿಸುವುದು ಮಾಮೂಲಿ.

ನಲಿಕಲಿ ಟೀಚರ್

ಮಂಡಗದ್ದೆಯವರ ಮಾತು ನನಗೆ ಬಹಳ ಹಿಡಿಸಿತು. ಆದರೆ ಅಳತೆಗೋಲು ಪುಸ್ತಕದ ಒಳಗೇ ಇರಲಿ. ಮೊರ ಹಾಕುವುದಾದರೆ ಮೊದಲು ಯಾವುದಾದರೂ ಪುಟದಲ್ಲಿ ಅಜ್ಜಿಯ ಕೈಯಲ್ಲಿ ಮೊರ ಕಾಣಬೇಕು. ಇಲ್ಲದಿದ್ದರೆ ಪುಟ್ಟಿಯನ್ನೇ ಅಳತೆ ಮಾಡಿ. ‘ಹಣ್ಣು ಪುಟ್ಟಿಯಷ್ಟು ದೊಡ್ಡದು!’ ಇದು ಉತ್ಪ್ರೇಕ್ಷೆಯೂ ಅಲ್ಲ. ಆರು ವರ್ಷದ ಮಗು ಸುಮಾರು 20 ಕೆಜಿ ಇರುತ್ತದೆ, ಹಲಸಿನ ಹಣ್ಣು ಅಷ್ಟು ತೂಗುವುದು ನಮ್ಮಲ್ಲಿ ಹೊಸದಲ್ಲ. ಬಣ್ಣದ ಡಬ್ಬಿಯವರು ಕೇಳಿದ ‘ಪಕ್ಕದಲ್ಲಿ ಪುಟ್ಟಿ’ಯೂ ಸಿಕ್ಕಿದ ಹಾಗಾಯಿತು. ‘ಅಷ್ಟು’ ಪದದಲ್ಲಿ ಟ ಒತ್ತು ಬೇರೆ ಅಕ್ಷರಕ್ಕೆ ಬಂದಿದೆ, ಉ ಕೊಂಬೂ ಇದೆ, ಕಷ್ಟದ್ದೇ. ಆದರೆ ಮಾತಿನಲ್ಲಿ ದಿನಕ್ಕೆ ನೂರು ಸಲ ಬರುವ ಪದ, ಒಂದು ಕಡೆ ಇದ್ದರೆ ಪರವಾಗಿಲ್ಲ.

ಇನ್ನು ಇಂಗ್ಲಿಷಿನ ಪದ ಏರಿಸುವ ಆಟದ ಬಗ್ಗೆ. ನಾವು ಮನೆಯಲ್ಲಿ ದೊಡ್ಡದನ್ನು ಇನ್ನೂ ದೊಡ್ಡದು ಮಾಡುವುದು ಪದ ಬದಲಿಸಿ ಅಲ್ಲ. ‘ದೊಡ್ಡದು’, ‘ತುಂಬಾ ದೊಡ್ಡದು’, ‘ಇಷ್ಟು ದೊಡ್ಡದು’ ಎಂದು ಕೈ ಚಾಚುತ್ತೇವೆ. ಮೊದಲ ಓದಿಗೆ ಅದೇ ಪದ ಮತ್ತೆ ಮತ್ತೆ ಬರುವುದು ದೋಷವಲ್ಲ. ಮೂರನೇ ಸಲ ಬಂದಾಗ ಮಗು ಅಕ್ಷರ ಕೂಡಿಸದೆ ಪದವನ್ನೇ ಹಿಡಿಯುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಓದುವ ಹಂತ ನಾಲ್ಕು ಇವೆ, 1ನೇ ಹಂತದ ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಒಂದಷ್ಟು ತೆರೆದು ಒಂದೇ ಪದ ಎಷ್ಟು ಸಲ ಮರಳಿ ಬರುತ್ತದೆ ಎಂದು ಸಂಪಾದಕರಿಗೆ ತೋರಿಸಿ.

ರಿಪ್ಪನ್‌ಪೇಟೆ ಹೈದ

‘ದೊಡ್ಡ ದೊಡ್ಡ ಹಣ್ಣು’ ಅಂದರೆ? ಎರಡು ಸಲ ಹೇಳಿದರೆ ಇನ್ನೂ ದೊಡ್ಡದು ಆಗುತ್ತಲ್ಲ.

ಹೆದ್ದೊರೆ

ಆಗಲ್ಲ. ‘ದೊಡ್ಡ ದೊಡ್ಡ ಹಣ್ಣು’ ಅಂದರೆ ಹಣ್ಣು ಬಹಳ ಇವೆ, ಎಲ್ಲವೂ ದೊಡ್ಡವು ಅಂತ. ‘ಮರದ ತುಂಬ ದೊಡ್ಡ ದೊಡ್ಡ ಹಣ್ಣು’ ಸರಿ. ಒಂದೇ ಹಣ್ಣಿನ ಚಿತ್ರ ಇರುವ ಪುಟದಲ್ಲಿ ಅದನ್ನು ಬರೆದರೆ ತಪ್ಪು.

ಸಿದ್ದಾಪುರ ಮಾಣಿ

ನಮ್ಮ ಕಡೆ ‘ರಾಶಿ ದೊಡ್ಡ ಹಣ್ಣು’.

ತುಂಗಾತೀರ

ಮಾಣಿ, ನನ್ನ ಅತ್ತಿಗೆಯೂ ಹಾಗೇ ಹೇಳುವುದು. ಆದರೆ ಬೇರೆ ಜಿಲ್ಲೆಯವರು ಹಣ್ಣಿನ ರಾಶಿ ಅಂದುಕೊಂಡರೆ? ಅಜ್ಜಿಯ ಬಾಯಲ್ಲಿ ಮಾತಾಗಿ ಬಂದರೆ ಹಾಕಬಹುದೇನೋ, ಯೋಚಿಸುತ್ತೇನೆ.

ನಿಮ್ಮೆಲ್ಲರ ಮಾತು ಇಟ್ಟುಕೊಂಡು ಈಗ ಹೀಗೆ ಮಾಡಿದ್ದೇನೆ:

ಅಜ್ಜನ ಮನೆ ದೊಡ್ಡ ಮನೆ.
ಮನೆ ಮುಂದೆ ಅಗಲ ಅಂಗಳ.
ಅಂಗಳದ ಆಚೆ ಎತ್ತರದ ಮರ.
ಮರದ ತುಂಬ ದೊಡ್ಡ ದೊಡ್ಡ ಹಣ್ಣು.
ಅಜ್ಜ ಉದ್ದ ಹಗ್ಗ ತಂದ.
ಒಂದು ಹಣ್ಣು ಪುಟ್ಟಿಯಷ್ಟು ದೊಡ್ಡದು!
ದೊಪ್ಪ!
ಅಷ್ಟರಲ್ಲಿ ಜೋರು ಮಳೆ.
ಅಜ್ಜಿ ಅಗಲ ಎಲೆ ಹಾಸಿದಳು.
ಪುಟ್ಟಿಗೆ ದಪ್ಪ ತೊಳೆ.

‘ದೊಪ್ಪ’ ಇಟ್ಟುಕೊಂಡೆ. ಹಗ್ಗ ಕಟ್ಟಿದ ಹಣ್ಣು ನಿಧಾನಕ್ಕೆ ಇಳಿಯುತ್ತಿರುವಾಗ ಪಕ್ಕದ ಕಳಿತ ಹಣ್ಣು ಬೀಳುತ್ತದೆ.

ಅಡಿಕೆ ಸಿಂಗಾರ

ಈಗ ಸರಿ. ಕಳಿತದ್ದು ಬೀಳುವುದು ಉಂಟು.

ಕಾನಂಚು

‘ಅಗಲ ಅಂಗಳ’ ಕಿವಿಗೆ ಕೂರುವುದಿಲ್ಲ. ಅಂಗಳಕ್ಕೆ ಯಾರು ಅಗಲ ಅನ್ನುತ್ತಾರೆ? ದಾರಿ ಅಗಲ, ಹೊಳೆ ಅಗಲ, ಬಾಗಿಲು ಅಗಲ. ಅಂಗಳ ದೊಡ್ಡದೇ. ಇಲ್ಲವೇ ‘ವಿಶಾಲ ಅಂಗಳ’ ಎನ್ನಿ. ಹೊಸ ಪದ ಒಂದು ಇರಲಿ ಅಂತ ಟೀಚರೇ ಹೇಳಿದರಲ್ಲ, ಅದು ಇಲ್ಲಿ ಇರಲಿ. ವಿಶಾಲ ಓದಲೂ ಒತ್ತಿಲ್ಲ.

ನಲಿಕಲಿ ಟೀಚರ್

ಉದ್ದಕ್ಕೂ ಅಡ್ಡಕ್ಕೂ ಚಾಚಿದ್ದಕ್ಕೆ ‘ಅಗಲ’ ಸಾಲದು, ನಿಜ. ಆದರೆ ‘ಅಗಲ ಅಂಗಳ’ ಓದುವಾಗ ಬಾಯಿಗೆ ಆಟದ ಹಾಗೆ ಬರುತ್ತದೆ, ಎರಡೂ ಅ ಇಂದ ಶುರು. ‘ವಿಶಾಲ’ ಹಾಕುವುದಾದರೆ ಎರಡು ಪುಟಕ್ಕೂ ಹರಡಿದ ಚಿತ್ರ ಇರಬೇಕು, ಅಂಗಳದ ಒಂದು ತುದಿಯಲ್ಲಿ ಪುಟ್ಟಿ ಚುಕ್ಕಿಯಷ್ಟು ಕಾಣಬೇಕು. ಆಗ ಮಗು ಪದದ ಅರ್ಥವನ್ನು ಚಿತ್ರದಿಂದ ತೆಗೆಯಬಹುದು.

ಬಣ್ಣದ ಡಬ್ಬಿ

16 ಪುಟದಲ್ಲಿ ಅಂಗಳಕ್ಕೆ ಎರಡು ಪುಟ ಕೊಟ್ಟರೆ ಮರಕ್ಕೆ ಜಾಗ ಕಮ್ಮಿ ಆಗುತ್ತದೆ. ನನಗೆ ಮರಕ್ಕೇ ಎರಡು ಪುಟ ಬೇಕು, ಪುಸ್ತಕವನ್ನು ಅಡ್ಡ ತಿರುಗಿಸಿ ನೋಡುವ ಹಾಗೆ.

ಶರಾವತಿ ಹಿನ್ನೀರು

‘ದಪ್ಪ ತೊಳೆ’ ಸರಿ. ಆದರೆ ಮುಂದಿನ ಪುಸ್ತಕದಲ್ಲಿ ಮನುಷ್ಯರಿಗೆ ದಪ್ಪ, ಡುಮ್ಮ, ದಢೂತಿ ಹಾಕಬೇಡಿ. ನನ್ನ ಮಗಳ ತರಗತಿಯಲ್ಲಿ ಒಂದು ಪದ್ಯ ಓದಿದ ಮೇಲೆ ಒಬ್ಬ ಹುಡುಗನಿಗೆ ಅದೇ ಹೆಸರು ಅಂಟಿಕೊಂಡಿತು, ಅವನು ಶಾಲೆಗೆ ಹೋಗಲ್ಲ ಅಂತ ಅಳುತ್ತಿದ್ದ.

ರಿಪ್ಪನ್‌ಪೇಟೆ ಹೈದ

ಡುಮ್ಮ ಅನ್ನೋದು ಪ್ರೀತಿಯ ಮಾತಲ್ಲವಾ? ನಮ್ಮನೆಯಲ್ಲಿ ಎಲ್ಲರೂ ತಮ್ಮನನ್ನು ಹಾಗೇ ಕರೆಯುವುದು.

ಶರಾವತಿ ಹಿನ್ನೀರು

ಮನೆಯಲ್ಲಿ ಪ್ರೀತಿ ಇರಬಹುದು ಹೈದ. ಪುಸ್ತಕದಲ್ಲಿ ಅಚ್ಚಾದ ಮೇಲೆ ಅದು ಯಾರ ಬಾಯಿಗೆ ಹೇಗೆ ಹೋಗುತ್ತದೆ ಅನ್ನೋದು ನಮ್ಮ ಕೈಯಲ್ಲಿ ಇರುವುದಿಲ್ಲ.

ಅಕ್ಷರಪ್ರೀತಿ

ನಾನು ಈಗಲೂ ‘ಎತ್ತರದ’ ತೆಗೆಯಿರಿ ಎನ್ನುತ್ತೇನೆ. ಟೀಚರೇ ಹೇಳಿದ್ದಾರೆ ‘ಎತರ’ ಎಂದು ಓದುತ್ತಾರೆ ಅಂತ.

ನಲಿಕಲಿ ಟೀಚರ್

‘ಎತರ’ ಎಂದು ಓದಿದ ಮಗು ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಅಂಥ ಮಾತು ಇಲ್ಲ. ಮೇಲೆ ಚಿತ್ರ ನೋಡುತ್ತದೆ, ಮತ್ತೆ ಪದ ನೋಡುತ್ತದೆ, ‘ಎತ್ತರ!’ ಎನ್ನುತ್ತದೆ. ತಪ್ಪನ್ನು ತಾನೇ ತಿದ್ದಿಕೊಳ್ಳಲು ಆಗುವುದು ಆ ಪದ ಮೊದಲೇ ಬಾಯಲ್ಲಿ ಇದ್ದರೆ ಮಾತ್ರ. ‘ಬಹತ’ ಎಂದು ಓದಿದ ಮಗುವಿಗೆ ತಪ್ಪಾಗಿದೆ ಅಂತಲೇ ಗೊತ್ತಾಗುವುದಿಲ್ಲ, ಹಾಗೇ ಮುಂದಿನ ಪುಟಕ್ಕೆ ಹೋಗುತ್ತದೆ. ನಾನು ‘ಎತ್ತರ’ ಇರಲಿ, ‘ಬೃಹತ್’ ಬೇಡ ಅನ್ನುವುದಕ್ಕೆ ಇದೇ ಕಾರಣ.

ಬಣ್ಣದ ಡಬ್ಬಿ

ಅಚ್ಚಿನ ಬಗ್ಗೆಯೂ ಒಂದು ಮಾತು. ಒತ್ತು ಅಕ್ಷರದ ಕೆಳಗೆ ಇಳಿಯುತ್ತದೆ, ಅಳತೆಯಲ್ಲೂ ಸಣ್ಣದು. ಫಾಂಟ್ ಸಣ್ಣ ಇಟ್ಟರೆ ‘ದೊಡ್ಡ’ ಕೆಳಗಿನ ಡ ಒತ್ತು, ‘ಉದ್ದ’ ಕೆಳಗಿನ ದ ಒತ್ತು ಎರಡೂ ಒಂದೇ ಚುಕ್ಕಿ ಥರ ಕಾಣುತ್ತವೆ. ಹಸಿರು ಎಲೆಗಳ ಚಿತ್ರದ ಮೇಲೆಯೇ ಪದ ಕೂರಿಸಿದರಂತೂ ಒತ್ತು ಎಲೆಯೊಳಗೆ ಮಾಯ. ಸಾಲಿನ ಕೆಳಗೆ ಖಾಲಿ ಜಾಗ ಬಿಡಿಸಿ, ಪದಕ್ಕೆ ಬಿಳಿ ಪಟ್ಟಿ ಕೇಳಿ. ಕೆಲವರು ‘ದೊಡ್ಡ’ ಪದವನ್ನು ಮಾತ್ರ ದೊಡ್ಡ ಫಾಂಟಿನಲ್ಲಿ ಹಾಕುತ್ತಾರೆ, ನನಗೆ ಅದು ಇಷ್ಟ.

ನಲಿಕಲಿ ಟೀಚರ್

ಫಾಂಟ್ ದೊಡ್ಡದು ಮಾಡಿ, ಅಡ್ಡಿಯಿಲ್ಲ. ‘ದೊಡ್ಡಾಆಆ’ ಎಂದು ಎಳೆದು ಮಾತ್ರ ಬರೆಯಬೇಡಿ. ಈಗಷ್ಟೇ ದೀರ್ಘ ಕಲಿಯುತ್ತಿರುವ ಮಗುವಿಗೆ ಅದು ಬೇರೆಯದೇ ಪದ.

ತುಂಗಾತೀರ

ಇವತ್ತು ಸಂಪಾದಕರ ಜೊತೆ ಫೋನಿನಲ್ಲಿ ಮಾತಾಡಿದೆ. ಅಗಲ, ಉದ್ದ, ಎತ್ತರ, ಜೋರು, ದಪ್ಪ ಎಲ್ಲ ಒಪ್ಪಿದರು. ಮನೆಗೆ ‘ದೊಡ್ಡ’ ಇರಲಿ ಅಂದರು. ಅಂಗಳಕ್ಕೆ ಮಾತ್ರ ಅವರಿಗೂ ‘ವಿಶಾಲ’ವೇ ಬೇಕಂತೆ. ಟೀಚರ್, ಕರಡಿನ ಎರಡು ಪ್ರತಿ ಕಳಿಸಿದರೆ, ಒಂದರಲ್ಲಿ ‘ಅಗಲ ಅಂಗಳ’ ಇನ್ನೊಂದರಲ್ಲಿ ‘ವಿಶಾಲ ಅಂಗಳ’, ನಿಮ್ಮ ಮಕ್ಕಳ ಕೈಲಿ ಓದಿಸಿ ನೋಡುತ್ತೀರಾ?

ನಲಿಕಲಿ ಟೀಚರ್

ಖಂಡಿತ ಕಳಿಸಿ. ಬಣ್ಣ ಹಾಕಿರದಿದ್ದರೂ ಚಿತ್ರ ಇರಲಿ, ಬರೀ ಸಾಲು ಬೇಡ. ಒಂದೇ ಮಗುವಿಗೆ ಎರಡೂ ಪ್ರತಿ ಕೊಡುವುದಿಲ್ಲ, ಮೊದಲು ಓದಿದ್ದು ನೆನಪಿನಲ್ಲಿ ಉಳಿದುಬಿಡುತ್ತದೆ. ಓದಲು ಬಲ್ಲವರು, ತಿಣುಕುವವರು ಇಬ್ಬರನ್ನೂ ಎರಡು ಗುಂಪಿಗೂ ಹಂಚುತ್ತೇನೆ. ಓದಿದ ಮೇಲೆ ಪುಸ್ತಕ ಮುಚ್ಚಿ ‘ಅಂಗಳ ಹೇಗಿತ್ತು?’ ಎಂದು ಕೇಳುತ್ತೇನೆ. ‘ದೊಡ್ಡದಿತ್ತು’ ಎಂದು ತಮ್ಮ ಮಾತಿನಲ್ಲಿ ಹೇಳಿದರೆ ಯಾವ ಪದ ಆದರೂ ಕೆಲಸ ಮಾಡಿದೆ.

ಕಾನಂಚು

ನನ್ನ ಓಟು ವಿಶಾಲಕ್ಕೇ.

ಹೆದ್ದೊರೆ

ಮರಕ್ಕೆ ‘ಹೆಮ್ಮರ’ ಹಾಕಿ ಮೂರನೇ ಪ್ರತಿಯೊಂದು ಕಳಿಸಬಹುದಲ್ಲವಾ?